ನೀರು ಕಡಿಮೆಯಾಯಿತೇ? ಮೋಟರ್ ಉಲ್ಟಾ ತಿರುಗುತ್ತಿರಬಹುದು

ಟಿಸಿ ಸುಟ್ಟು, ಹೊಸದು ಬಂದು, ವಾರದ ಮೇಲೆ ತೋಟಕ್ಕೆ ತ್ರೀಫೇಸ್ ಕರೆಂಟ್ ಬಂದಿದೆ. ಸ್ಟಾರ್ಟರ್ ಒತ್ತಿದರೆ ಮೋಟರ್ ಓಡುತ್ತದೆ, ನೀರೂ ಬರುತ್ತದೆ. ಆದರೆ ಪೈಪಿನ ಬಾಯಿ ತುಂಬಿ ಬೀಳುತ್ತಿದ್ದ ನೀರು ಈಗ ಅರ್ಧಕ್ಕೂ ಕಡಿಮೆ. ಡ್ರಿಪ್ಪಿನ ಕೊನೆಯ ಸಾಲಿನ ಗಿಡಗಳಿಗೆ ಹನಿಯೇ ತಲುಪುತ್ತಿಲ್ಲ. ರೈತನ ಮನಸ್ಸಿಗೆ ಮೊದಲು ಬರುವ ಯೋಚನೆ ಒಂದೇ: ಬೋರು ಬತ್ತುತ್ತಿದೆ. ಅಲ್ಲಿಂದ ಪೈಪು ಇಳಿಸುವುದು, ಪಂಪು ಎತ್ತಿಸುವುದು, ಕೊನೆಗೆ ಹೊಸ ಬೋರು ಕೊರೆಸುವುದು ಎಂದು ಲೆಕ್ಕ ಬೆಳೆಯುತ್ತಾ ಹೋಗುತ್ತದೆ.

ಅನುಭವವಿರುವ ಮೋಟರ್ ಮೆಕ್ಯಾನಿಕ್ ಬಂದರೆ ಅವನು ಬೋರಿನ ಕಡೆ ನೋಡುವುದಕ್ಕೂ ಮೊದಲು ಕೇಳುವ ಪ್ರಶ್ನೆ ಬೇರೆ: “ಲೈನ್ ಕೆಲಸ ಏನಾದ್ರೂ ಆಯ್ತಾ ಯಜಮಾನ್ರೇ?” ಟಿಸಿ ಬದಲಾಯಿಸಿದ್ದಾರೆ ಎಂದರೆ ಅವನಿಗೆ ಅರ್ಧ ಉತ್ತರ ಸಿಕ್ಕಂತೆ. ನೆಲದೊಳಗೆ ಇನ್ನೂರು ಅಡಿ ಕೆಳಗೆ, ಯಾರ ಕಣ್ಣಿಗೂ ಕಾಣದ ಕಡೆ, ಮೋಟರ್ ಉಲ್ಟಾ ತಿರುಗುತ್ತಿರಬಹುದು. ಇದಕ್ಕೆ ಮದ್ದು ಎಲ್ಲರಿಗೂ ಗೊತ್ತಿರುವಂಥದ್ದೇ: ಮೂರು ವೈರುಗಳಲ್ಲಿ ಎರಡನ್ನು ಅದಲು ಬದಲು ಮಾಡುವುದು. ಆದರೆ ಯಾವ ಎರಡು, ಯಾವ ಜಾಗದಲ್ಲಿ, ಏನನ್ನು ಖಚಿತಪಡಿಸಿಕೊಂಡ ಮೇಲೆ ಎಂಬುದು ತಿಳಿಯದಿದ್ದರೆ ಎರಡು ನಿಮಿಷದ ಈ ಕೆಲಸ ಮೋಟರನ್ನೇ ಸುಡಬಹುದು, ಕೈಯನ್ನೂ ಸುಡಬಹುದು.

ಸರದಿಯೇ ದಿಕ್ಕು

ತ್ರೀಫೇಸ್ ಎಂದರೆ ಮೂರು ವೈರುಗಳಲ್ಲಿ ಬರುವ ಮೂರು ವಿದ್ಯುತ್ ಅಲೆಗಳು. ನಮ್ಮಲ್ಲಿ ಇವನ್ನು ಆರ್, ವೈ, ಬಿ ಎನ್ನುತ್ತಾರೆ. ಕೆಂಪು, ಹಳದಿ, ನೀಲಿ. ಮೂರೂ ಸೆಕೆಂಡಿಗೆ 50 ಸಲ ಏರಿಳಿಯುತ್ತವೆ, ಆದರೆ ಒಟ್ಟಿಗೆ ಅಲ್ಲ. ಮೊದಲು ಆರ್ ತನ್ನ ಶಿಖರ ಮುಟ್ಟುತ್ತದೆ, ಅದಾಗಿ ಸೆಕೆಂಡಿನ 150ನೇ ಒಂದು ಭಾಗ ಕಳೆದ ಮೇಲೆ ವೈ, ಇನ್ನಷ್ಟೇ ಹೊತ್ತು ಕಳೆದು ಬಿ, ಮತ್ತೆ ಆರ್. ಈ ಸರದಿ ತಪ್ಪುವುದಿಲ್ಲ.

ಮೋಟರಿನೊಳಗೆ ಮೂರು ಗುಂಪು ಸುರುಳಿಗಳನ್ನು ಸುತ್ತಲೂ ಸಮದೂರದಲ್ಲಿ ಕೂರಿಸಿರುತ್ತಾರೆ, ಒಂದೊಂದಕ್ಕೂ ಒಂದೊಂದು ಫೇಸ್. ಯಾವ ಸುರುಳಿಯ ಸರದಿ ಬರುತ್ತದೋ ಅಲ್ಲಿ ಕಾಂತಬಲ ಹೆಚ್ಚುತ್ತದೆ. ಜಾತ್ರೆಯಲ್ಲಿ ಕಮಾನಿಗೆ ಕಟ್ಟುವ ಓಡುವ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ. ಅಲ್ಲಿ ಯಾವ ಬಲ್ಬೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಬಲ್ಬುಗಳು ಮೂರು ಸಾಲಾಗಿ, ಒಂದಾದ ಮೇಲೊಂದು ಹತ್ತಿ ಆರುವುದರಿಂದ ಬೆಳಕು ಕಮಾನಿನ ಸುತ್ತ ಓಡುತ್ತಿರುವಂತೆ ಕಾಣುತ್ತದೆ. ಮೋಟರಿನಲ್ಲಿ ಹೀಗೆ ಓಡುವುದು ಕಾಂತಬಲ. ಅದು ನಡುವಿನ ರೋಟರನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಬೋರಿನ ಸಬ್‌ಮರ್ಸಿಬಲ್ ಮೋಟರುಗಳಲ್ಲಿ ಈ ಕಾಂತಬಲ ನಿಮಿಷಕ್ಕೆ 3000 ಸುತ್ತು ಹಾಕಿದರೆ ರೋಟರ್ ಸ್ವಲ್ಪ ಹಿಂದೆ ಬಿದ್ದು ಸುಮಾರು 2850 ಸುತ್ತು ಹಾಕುತ್ತದೆ. ಇಟಲಿಯ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೋಲಾ ಟೆಸ್ಲಾ 1888ರಲ್ಲಿ ಬೇರೆ ಬೇರೆಯಾಗಿ ಲೋಕದ ಮುಂದಿಟ್ಟದ್ದು ಇದೇ ಸುತ್ತುವ ಕಾಂತಬಲದ ತತ್ವವನ್ನು.

ಸರದಿ ಆರ್, ವೈ, ಬಿ ಎಂದಿದ್ದರೆ ಕಾಂತಬಲ ಒಂದು ಕಡೆಗೆ ಸುತ್ತುತ್ತದೆ. ವೈ ಮತ್ತು ಬಿ ವೈರುಗಳನ್ನು ಅದಲು ಬದಲು ಮಾಡಿದರೆ ಸುರುಳಿಗಳಿಗೆ ಸರದಿ ಆರ್, ಬಿ, ವೈ ಎಂದು ಬರುತ್ತದೆ, ಕಾಂತಬಲ ಇನ್ನೊಂದು ಕಡೆಗೆ ಸುತ್ತುತ್ತದೆ. ರೋಟರಿಗೆ ಹಿಂದು ಮುಂದು ಎಂಬುದಿಲ್ಲ. ಎಳೆದ ಕಡೆಗೆ ಹೋಗುತ್ತದೆ, ಅಷ್ಟೇ ಬಲದಿಂದ, ಅಷ್ಟೇ ವೇಗದಲ್ಲಿ.

ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಗಮನಿಸಬೇಕು. ಮೂರೂ ವೈರುಗಳನ್ನು ಒಂದೊಂದು ಜಾಗ ಮುಂದಕ್ಕೆ ಸರಿಸಿದರೆ ಏನಾಗುತ್ತದೆ? ಆರ್, ವೈ, ಬಿ ಇದ್ದದ್ದು ವೈ, ಬಿ, ಆರ್ ಆಗುತ್ತದೆ. ಸುತ್ತಿನಲ್ಲಿ ಓದಿ ನೋಡಿದರೆ ಇದು ಹಳೆಯ ಸರದಿಯೇ: ಆರ್ ಆದ ಮೇಲೆ ವೈ, ವೈ ಆದ ಮೇಲೆ ಬಿ. ದಿಕ್ಕು ಬದಲಾಗುವುದಿಲ್ಲ. ‘ಎಲ್ಲ ವೈರೂ ಬದಲಾಯಿಸಿ ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ, ಅಂದಮೇಲೆ ತೊಂದರೆ ಬೋರಿನದೇ’ ಎಂಬ ತೀರ್ಮಾನಕ್ಕೆ ಜನ ಬರುವುದು ಹೀಗೆ. ಮೂರು ವೈರುಗಳನ್ನು ಜೋಡಿಸಲು ಇರುವುದು ಒಟ್ಟು ಆರು ಬಗೆ. ಮೂರರಲ್ಲಿ ಮೋಟರ್ ಸರಿ ದಿಕ್ಕಿಗೆ, ಮೂರರಲ್ಲಿ ಉಲ್ಟಾ. ಒಂದು ವೈರನ್ನು ಅದರ ಪಾಡಿಗೆ ಬಿಟ್ಟು ಉಳಿದ ಎರಡನ್ನು ಅದಲು ಬದಲು ಮಾಡಿದರೆ ಮಾತ್ರ ದಿಕ್ಕು ತಿರುಗುತ್ತದೆ. ಆ ಎರಡು ಯಾವುವಾದರೂ ಆಗಬಹುದು.

ಉಲ್ಟಾ ತಿರುಗಿದರೂ ನೀರು ಏಕೆ ಬರುತ್ತದೆ?

ಹಿಟ್ಟಿನ ಗಿರಣಿಯಲ್ಲಾದರೆ ಬೆಲ್ಟು ಹಿಂದಕ್ಕೆ ಓಡುವುದು ಕಣ್ಣಿಗೆ ಕಾಣುತ್ತದೆ. ಬಾವಿಯ ದಡದ ಮೊನೊಬ್ಲಾಕ್ ಪಂಪಿನ ಮೈಮೇಲೆ ಬಾಣದ ಗುರುತು ಇರುತ್ತದೆ; ಒಂದೇ ಕ್ಷಣ ಆನ್ ಮಾಡಿ ಆಫ್ ಮಾಡಿದರೆ ನಿಲ್ಲುವ ಹೊತ್ತಿಗೆ ಫ್ಯಾನು ಯಾವ ಕಡೆ ತಿರುಗುತ್ತಿದೆ ಎಂದು ನೋಡಿಕೊಳ್ಳಬಹುದು. ಬೋರಿನೊಳಗಿನ ಮೋಟರಿಗೆ ಈ ಅನುಕೂಲವಿಲ್ಲ. ಅದು ನೀರನ್ನೂ ಕೊಡುತ್ತಿರುವುದರಿಂದ ಉಲ್ಟಾ ತಿರುಗುತ್ತಿದೆ ಎಂಬ ಅನುಮಾನವೇ ಬರುವುದಿಲ್ಲ.

ಪಂಪಿನ ಇಂಪೆಲ್ಲರ್ ಬಾಗಿದ ರೆಕ್ಕೆಗಳ ಚಕ್ರ. ಅದು ನೀರನ್ನು ಸುತ್ತಿಸಿ ಹೊರಗಿನ ಅಂಚಿಗೆ ಎಸೆಯುತ್ತದೆ. ಯಾವ ಕಡೆಗೆ ಸುತ್ತಿಸಿದರೂ ನೀರು ಅಂಚಿಗೇ ಹೋಗುತ್ತದೆ, ಹಾಗಾಗಿ ಹರಿವು ಮೇಲಕ್ಕೇ ಇರುತ್ತದೆ; ಮೋಟರ್ ಉಲ್ಟಾ ತಿರುಗಿತೆಂದು ನೀರು ಕೆಳಕ್ಕೆ ಹೋಗುವುದಿಲ್ಲ. ಆದರೆ ರೆಕ್ಕೆಗಳ ಬಾಗು ಮತ್ತು ಅವುಗಳ ಸುತ್ತಲಿನ ದಾರಿ ಎರಡನ್ನೂ ಒಂದೇ ದಿಕ್ಕಿಗೆ ಹೊಂದುವಂತೆ ಮಾಡಿರುತ್ತಾರೆ. ಉಲ್ಟಾ ತಿರುಗಿದಾಗ ನೀರು ಆ ದಾರಿಗೆ ಅಡ್ಡ ಬಡಿದು, ಸುಳಿಯಾಗಿ, ಬಲ ಪೋಲಾಗುತ್ತದೆ. ಪಂಪು ಎತ್ತಬಲ್ಲ ಎತ್ತರ ಬಹಳ ಕುಗ್ಗುತ್ತದೆ. ನೀರು ಮೇಲಿದ್ದರೆ ಅರ್ಧವೋ ಕಾಲೋ ಬರುತ್ತದೆ. ತುಂಬ ಆಳದಲ್ಲಿದ್ದರೆ ಒಂದು ಹನಿಯೂ ಮೇಲೆ ಬರುವುದಿಲ್ಲ. ಒಂದೇ ಟಿಸಿಯ ಎರಡು ತೋಟಗಳಲ್ಲಿ ಒಬ್ಬರಿಗೆ ನೀರು ಕಡಿಮೆಯಾಗಿ ಇನ್ನೊಬ್ಬರಿಗೆ ಪೂರ್ತಿ ನಿಂತುಹೋಗಿದ್ದರೂ ಕಾರಣ ಒಂದೇ ಇರಬಹುದು.

ಹೀಗೆ ದಿನಗಟ್ಟಲೆ ಓಡಿಸಿದರೆ ಬರೀ ಕರೆಂಟ್ ದಂಡವಾಗುವುದಲ್ಲ. ಸಬ್‌ಮರ್ಸಿಬಲ್ ಮೋಟರನ್ನು ತಣ್ಣಗಿಡುವುದು ಅದರ ಮೈ ಸವರಿಕೊಂಡು ಪಂಪಿನೊಳಕ್ಕೆ ಹೋಗುವ ನೀರೇ. ಹರಿವು ಕಡಿಮೆಯಾದಷ್ಟೂ ಮೋಟರ್ ಬಿಸಿಯಾಗುತ್ತದೆ, ವೈಂಡಿಂಗ್ ಹಾಳಾಗುತ್ತದೆ. ಬಾವಿಯ ದಡದ ಕೆಲವು ಪಂಪುಗಳಲ್ಲಿ ಇಂಪೆಲ್ಲರನ್ನು ಶಾಫ್ಟಿಗೆ ಮರೆಯಿಂದ ತಿರುಗಿಸಿ ಕೂರಿಸಿರುತ್ತಾರೆ. ಅಂಥವು ಉಲ್ಟಾ ತಿರುಗಿದರೆ ಮರೆ ಸಡಿಲವಾಗಿ ಇಂಪೆಲ್ಲರ್ ಕಳಚಿಕೊಳ್ಳಲೂಬಹುದು.

ಹಾಗಾದರೆ ಬೋರು ಬತ್ತಿದ್ದೋ ಮೋಟರ್ ಉಲ್ಟಾ ಆದದ್ದೋ ತಿಳಿಯುವುದು ಹೇಗೆ? ಬೋರಿನಲ್ಲಿ ನೀರು ಕಡಿಮೆಯಾಗಿದ್ದರೆ ಸ್ಟಾರ್ಟ್ ಮಾಡಿದ ಕೂಡಲೇ ಎಂದಿನಂತೆ ತುಂಬು ನೀರು ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕುಗ್ಗುತ್ತದೆ, ಆಮೇಲೆ ಗಾಳಿ ಸೇರಿಕೊಂಡು ಬಿಟ್ಟು ಬಿಟ್ಟು ಉಗುಳತೊಡಗುತ್ತದೆ. ಮೋಟರ್ ಉಲ್ಟಾ ತಿರುಗುತ್ತಿದ್ದರೆ ಮೊದಲ ನಿಮಿಷದಿಂದಲೇ ನೀರು ಕಡಿಮೆ, ಗಂಟೆ ಕಳೆದರೂ ಅಷ್ಟೇ. ಪೈಪು ಒಡೆದಿದ್ದರೆ ಬೋರಿನ ಬಾಯಿಗೆ ಕಿವಿ ಕೊಟ್ಟಾಗ ಒಳಗೆ ನೀರು ಬೀಳುವ ಸದ್ದು ಕೇಳುತ್ತದೆ. ಮೋಟರ್ ಹೊರಡದೆ ಬರೀ ಗುಂಯ್ ಎನ್ನುತ್ತಿದ್ದರೆ ಅದು ಉಲ್ಟಾ ಅಲ್ಲ, ಒಂದು ಫೇಸ್ ಹೋಗಿದೆ ಎಂದರ್ಥ. ತಕ್ಷಣ ಆಫ್ ಮಾಡಬೇಕು. ಆಂಪ್ ಮೀಟರ್ ಒಂದನ್ನೇ ನಂಬಿ ದಿಕ್ಕು ನಿರ್ಧರಿಸುವುದು ಸರಿಯಲ್ಲ. ಉಲ್ಟಾ ತಿರುಗುವಾಗ ಅದು ತೋರಿಸುವ ಅಂಕೆ ಪಂಪಿನಿಂದ ಪಂಪಿಗೆ ಬೇರೆಯಾಗಿರುತ್ತದೆ.

ನಂಬಬಹುದಾದ ಪರೀಕ್ಷೆ ನೀರನ್ನೇ ಅಳೆಯುವುದು. 5 ಎಚ್‌ಪಿಯ ಒಂದು ಪಂಪು ಸರಿಯಾಗಿ ಓಡುವಾಗ 200 ಲೀಟರಿನ ಡ್ರಮ್ಮನ್ನು 1 ನಿಮಿಷ 40 ಸೆಕೆಂಡಿನಲ್ಲಿ ತುಂಬುತ್ತಿತ್ತು ಎಂದಿಟ್ಟುಕೊಳ್ಳಿ. ಈಗ ಅದೇ ಡ್ರಮ್ಮಿಗೆ 4 ನಿಮಿಷ ಬೇಕಾಗುತ್ತಿದೆ. ಎರಡು ವೈರು ಅದಲು ಬದಲು ಮಾಡಿ ಮತ್ತೆ ಅಳೆದರೆ ಸಂಶಯ ಉಳಿಯುವುದಿಲ್ಲ. ಯಾವ ದಿಕ್ಕಿನಲ್ಲಿ ಹೆಚ್ಚು ನೀರು ಬರುತ್ತದೋ ಅದೇ ಸರಿಯಾದ ದಿಕ್ಕು. ಹೊಸ ಪಂಪು ಇಳಿಸಿದಾಗಲೂ ಎರಡೂ ದಿಕ್ಕಿನಲ್ಲಿ ಹೀಗೆ ಓಡಿಸಿ ನೋಡುವುದೇ ಒಳ್ಳೆಯದು. ಕೇಬಲ್ಲಿನ ಬಣ್ಣಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಕೆಳಗೆ ಮೋಟರಿನ ತುದಿಗೆ ಕೇಬಲ್ ಜಾಯಿಂಟ್ ಹಾಕುವಾಗ ಯಾವ ಬಣ್ಣಕ್ಕೆ ಯಾವುದನ್ನು ಸೇರಿಸಿದ್ದಾರೋ ಮೇಲಿಂದ ಕಾಣುವುದಿಲ್ಲ.

ತಪ್ಪಿದ್ದು ಎಲ್ಲಿ, ಸರಿಪಡಿಸಬೇಕಾದದ್ದು ಎಲ್ಲಿ

ಕಂಬದಿಂದ ಮೋಟರಿನ ತನಕ ಸರದಿ ತಪ್ಪಬಹುದಾದ ಜಾಗಗಳು ಹಲವು. ಟಿಸಿ ಬದಲಾಯಿಸುವಾಗ, ತುಂಡಾದ ಲೈನು ಜೋಡಿಸುವಾಗ, ಮೇನ್ ಸ್ವಿಚ್ಚು ಹೊಸದು ಹಾಕುವಾಗ, ಸ್ಟಾರ್ಟರ್ ರಿಪೇರಿ ಮಾಡುವಾಗ, ಮೋಟರಿಗೆ ರಿವೈಂಡಿಂಗ್ ಆದಾಗ, ಕೇಬಲ್ ಜಾಯಿಂಟ್ ಹಾಕುವಾಗ. ತಪ್ಪು ಎಲ್ಲಾಗಿದೆಯೋ ಅಲ್ಲೇ ತಿದ್ದಬೇಕು. ಅದನ್ನು ಬಿಟ್ಟು ಕೈಗೆ ಸಿಕ್ಕ ಕಡೆ ತಿದ್ದಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ಕೂರುತ್ತದೆ.

ಒಂದು 63 ಕೆವಿಎ ಟಿಸಿಯಲ್ಲಿ ಆರು ಪಂಪ್‌ಸೆಟ್ ಇವೆ ಎಂದುಕೊಳ್ಳಿ. ಹೊಸ ಟಿಸಿ ಕೂರಿಸುವಾಗ ಕೆಳಗಿನ ಮೂರು ವೈರುಗಳಲ್ಲಿ ಎರಡು ಅದಲು ಬದಲಾಗಿವೆ. ಆರೂ ಮೋಟರುಗಳು ಉಲ್ಟಾ ತಿರುಗುತ್ತವೆ. ಒಬ್ಬರು ಕಾಯಲಾರದೆ ತಮ್ಮ ಸ್ಟಾರ್ಟರಿನಲ್ಲಿ ಎರಡು ವೈರು ಬದಲಾಯಿಸಿಕೊಂಡರು, ನೀರು ಸರಿಹೋಯಿತು. ಉಳಿದ ಐವರು ಲೈನ್‌ಮ್ಯಾನ್‌ಗೆ ಹೇಳಿದರು. ಅವರು ಬಂದು ಲೈನು ಬಂದ್ ಮಾಡಿಸಿ ಟಿಸಿಯಲ್ಲೇ ತಿದ್ದಿದರು. ಈಗ ಐದು ಮೋಟರುಗಳು ಸರಿಯಾದವು, ಮೊದಲೇ ಸರಿಮಾಡಿಕೊಂಡವರ ಮೋಟರ್ ಮತ್ತೆ ಉಲ್ಟಾ ಆಯಿತು. ಅವರಿಗೆ ತಾವು ಮಾಡಿದ ಬದಲಾವಣೆ ನೆನಪಿಲ್ಲದಿದ್ದರೆ ಬೋರಿನ ಮೇಲೆ ಅನುಮಾನ ಪಡುವ ಸರದಿ ಅವರದು.

ಆದ್ದರಿಂದ ಸ್ಟಾರ್ಟರ್ ಪೆಟ್ಟಿಗೆ ತೆರೆಯುವುದಕ್ಕೆ ಮೊದಲು ಪಕ್ಕದ ತೋಟದವರನ್ನು ವಿಚಾರಿಸಿ. ಅವರಲ್ಲೂ ಅದೇ ದಿನದಿಂದ ನೀರು ಕುಗ್ಗಿದೆ, ಊರ ಗಿರಣಿಯೂ ಹಿಂದಕ್ಕೆ ಓಡಿತು ಎಂದಾದರೆ ತಪ್ಪು ಟಿಸಿಯಲ್ಲೋ ಲೈನಿನಲ್ಲೋ ಆಗಿದೆ. ಅದು ವಿದ್ಯುತ್ ಕಂಪನಿಯವರ ಕೆಲಸ, ಟಿಸಿಗೆ ಬೇರೆ ಯಾರೂ ಕೈ ಹಾಕಬಾರದು. ಬೆಳೆ ಒಣಗುತ್ತಿದ್ದು ಅವರು ಬರುವುದು ತಡವಾದರೆ ಸ್ಟಾರ್ಟರಿಗೆ ಕರೆಂಟ್ ಬರುವ ಕಡೆ ಎರಡು ವೈರು ಬದಲಾಯಿಸಿಕೊಳ್ಳಬಹುದು, ಆದರೆ ಹಾಗೆ ಮಾಡಿದ್ದನ್ನು ಪೆಟ್ಟಿಗೆಯ ಮೇಲೆ ಬರೆದಿಡಬೇಕು, ಲೈನ್‌ಮ್ಯಾನ್‌ಗೂ ತಿಳಿಸಬೇಕು. ಅಕ್ಕಪಕ್ಕದವರಿಗೆಲ್ಲ ಸರಿಯಾಗಿದ್ದು, ನಿಮ್ಮ ಮೋಟರ್ ರಿಪೇರಿಯಾಗಿ ಬಂದ ಮೇಲೆ ಹೀಗಾಗಿದ್ದರೆ ತಪ್ಪು ಮೋಟರಿನ ಕಡೆ ಇದೆ. ಆಗ ಬದಲಾಯಿಸಬೇಕಾದದ್ದು ಸ್ಟಾರ್ಟರಿನಿಂದ ಬೋರಿಗೆ ಹೋಗುವ ಕೇಬಲ್ಲಿನ ವೈರುಗಳನ್ನು.

ಪ್ಯಾನಲ್ ಬೋರ್ಡಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದರೆ ಈ ವ್ಯತ್ಯಾಸ ಇನ್ನೂ ಮುಖ್ಯ. ಅಂಥ ಹಲವು ಸಾಧನಗಳು ಫೇಸ್ ಹೋದದ್ದನ್ನು ಮಾತ್ರವಲ್ಲ, ಫೇಸುಗಳ ಸರದಿಯನ್ನೂ ಗಮನಿಸುತ್ತವೆ. ಲೈನಿನಲ್ಲಿ ಸರದಿ ತಪ್ಪಿದರೆ ಮೋಟರನ್ನು ಹೊರಡಲು ಬಿಡುವುದಿಲ್ಲ. ಲೈನಿನ ಕಡೆ ಸರಿ ಇದ್ದು ಮೋಟರಿನ ಕಡೆ ಮಾತ್ರ ತಪ್ಪಿದ್ದಾಗ ಲೈನಿನ ಕಡೆಯ ವೈರುಗಳನ್ನು ಅದಲು ಬದಲು ಮಾಡಿದರೆ ಅದು ಮೋಟರ್ ಓಡದಂತೆ ತಡೆಯುತ್ತದೆ. ಆಗ ಸಿಟ್ಟಿಗೆದ್ದು ಪ್ರಿವೆಂಟರನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ಮುಂದೊಂದು ದಿನ ಒಂದು ಫೇಸ್ ಹೋದಾಗ ಮೋಟರ್ ಸುಡುವುದು ಆ ಕಾರಣಕ್ಕೆ.

ಪೆಟ್ಟಿಗೆ ತೆರೆದ ಮೇಲೆ

ಎರಡು ಫೇಸುಗಳ ನಡುವೆ ಇರುವುದು 415 ವೋಲ್ಟ್, ಮನೆಯ ಕರೆಂಟಿನ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾಗಿ ಈ ಕೆಲಸ ಗೊತ್ತಿರುವ ವೈರ್‌ಮ್ಯಾನ್ ಮಾಡುವುದೇ ಕ್ಷೇಮ. ಅವರು ಮಾಡುವಾಗಲೂ ಸರಿಯಾದ ಕ್ರಮ ಯಾವುದೆಂದು ಯಜಮಾನನಿಗೆ ತಿಳಿದಿರಬೇಕು.

ಸ್ಟಾರ್ಟರ್ ಆಫ್ ಆಗಿದೆ ಎಂದರೆ ಕರೆಂಟ್ ಇಲ್ಲ ಎಂದರ್ಥವಲ್ಲ. ಪೆಟ್ಟಿಗೆಯ ಮೇಲುಭಾಗದ ತನಕ ಅದು ಬಂದು ನಿಂತಿರುತ್ತದೆ. ‘ಈಗ ಕರೆಂಟ್ ಹೋಗಿದೆ’ ಎಂಬುದೂ ಭರವಸೆಯಲ್ಲ, ತೋಟದ ತ್ರೀಫೇಸ್ ಯಾವ ಕ್ಷಣದಲ್ಲಾದರೂ ಬರಬಹುದು. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದೊಡನೆ ಮೋಟರ್ ತಾನೇ ಹೊರಡುತ್ತದೆ, ಮೊಬೈಲ್ ಸ್ಟಾರ್ಟರ್ ಇದ್ದರೆ ಮನೆಯಲ್ಲಿ ಕೂತವರು ತಿಳಿಯದೆ ಫೋನ್ ಮಾಡಿ ಚಾಲೂ ಮಾಡಬಹುದು. ಆದ್ದರಿಂದ ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಟೆಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ಕರೆಂಟ್ ಇರುವ ಕಡೆ ಮೊದಲು ನೋಡಿಕೊಂಡು, ಆಮೇಲೆ ಮುಟ್ಟಬೇಕಾದ ಮೂರೂ ತುದಿಗಳಿಗೆ ಒಂದೊಂದಾಗಿ ಹಚ್ಚಿ ನೋಡಬೇಕು. ಕೆಪಾಸಿಟರ್ ಹಾಕಿಸಿದ್ದರೆ ಅದರಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ, ಅದು ಇಳಿಯುವ ತನಕ ಕಾಯಬೇಕು.

ಸಾಮಾನ್ಯ ಡಿಒಎಲ್ ಸ್ಟಾರ್ಟರಿನಲ್ಲಿ ಕೆಲಸ ಸರಳ. ಮೇಲಿನಿಂದ ಮೂರು ವೈರು ಒಳಗೆ ಬರುತ್ತವೆ, ನಡುವೆ ಕಾಂಟ್ಯಾಕ್ಟರ್, ಅದರ ಕೆಳಗೆ ಓವರ್‌ಲೋಡ್ ರಿಲೇ, ರಿಲೇಯ ಕೆಳಗಿನ ಮೂರು ತುದಿಗಳಿಂದ ಬೋರಿನ ಕೇಬಲ್ ಹೊರಡುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ನಡುವಿನ ವೈರು ಹಾಗೇ ಇರಲಿ; ಅಕ್ಕಪಕ್ಕದ ಎರಡನ್ನು ಬಿಚ್ಚಿ, ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿ, ಸ್ಕ್ರೂ ಗಟ್ಟಿಯಾಗಿ ಬಿಗಿಯಿರಿ. ಇಲ್ಲಿ ಸಡಿಲ ಬಿಟ್ಟರೆ ಆ ತುದಿ ಕಾದು ಕರಕಲಾಗಿ, ಕೊನೆಗೆ ಒಂದು ಫೇಸ್ ತಪ್ಪಿ ಮೋಟರ್ ಸುಡುತ್ತದೆ. ನ್ಯೂಟ್ರಲ್ ಮತ್ತು ಅರ್ತ್ ವೈರುಗಳಿಗೆ ಈ ಅದಲು ಬದಲಿನಲ್ಲಿ ಪಾತ್ರವೇ ಇಲ್ಲ, ಅವನ್ನು ಮುಟ್ಟಕೂಡದು. ಮತ್ತೆ ಚಾಲೂ ಮಾಡುವ ಮುಂಚೆ ಕೆಲವು ನಿಮಿಷ ಬಿಡಬೇಕು. ನಾನ್ ರಿಟರ್ನ್ ವಾಲ್ವ್ ಸೋರುತ್ತಿದ್ದರೆ ಪೈಪಿನ ನೀರು ಕೆಳಗಿಳಿಯುತ್ತಾ ಪಂಪನ್ನು ಹಿಂದಕ್ಕೆ ತಿರುಗಿಸುತ್ತಿರುತ್ತದೆ, ಆಗಲೇ ಸ್ಟಾರ್ಟ್ ಮಾಡಿದರೆ ಶಾಫ್ಟಿಗೆ ದೊಡ್ಡ ಹೊಡೆತ ಬೀಳುತ್ತದೆ.

ಸ್ಟಾರ್ ಡೆಲ್ಟಾ ಸ್ಟಾರ್ಟರ್ ಇರುವ ದೊಡ್ಡ ಮೋಟರುಗಳಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಅಲ್ಲಿ ಮೋಟರಿಗೆ ಹೋಗುವುದು ಮೂರಲ್ಲ, ಆರು ವೈರು: ಒಂದೊಂದು ಸುರುಳಿಯ ಎರಡೆರಡು ತುದಿಗಳು. ಈ ಆರರಲ್ಲಿ ಕಂಡ ಎರಡನ್ನು ಬದಲಾಯಿಸಿದರೆ ಮೋಟರ್ ಸ್ಟಾರ್‌ನಲ್ಲಿ ಹೊರಟು ದಿಕ್ಕು ಬದಲಾದಂತೆಯೇ ಕಾಣಬಹುದು. ಕೆಲವು ಸೆಕೆಂಡಿನ ಮೇಲೆ ಡೆಲ್ಟಾಕ್ಕೆ ಬಿದ್ದಾಗ ಒಂದು ಸುರುಳಿಯ ಎರಡೂ ತುದಿಗಳು ಒಂದೇ ಫೇಸಿಗೆ ಸೇರಿಬಿಡುತ್ತವೆ, ಅದರಲ್ಲಿ ಬಲವೇ ಇಲ್ಲ. ಉಳಿದೆರಡು ಸುರುಳಿಗಳು ಒಂದೇ ಜೋಡಿ ಫೇಸುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಕಾಂತಬಲ ಸುತ್ತುವುದು ನಿಂತು, ಆಂಪ್ಸ್ ಜಿಗಿದು, ರಿಲೇ ಬೀಳುತ್ತದೆ, ಇಲ್ಲವೇ ವೈಂಡಿಂಗ್ ಸುಡುತ್ತದೆ. ಇಂಥ ಸ್ಟಾರ್ಟರಿನಲ್ಲಿ ದಿಕ್ಕು ಬದಲಾಯಿಸಬೇಕಾದದ್ದು ಆರು ವೈರುಗಳ ಕಡೆ ಅಲ್ಲ, ಸ್ಟಾರ್ಟರಿನೊಳಕ್ಕೆ ಬರುವ ಮೂರು ವೈರುಗಳ ಕಡೆ. ಅಲ್ಲಿ ಯಾವುದಾದರೂ ಎರಡನ್ನು ಬದಲಾಯಿಸಿದರೆ ಸ್ಟಾರ್, ಡೆಲ್ಟಾ ಎರಡರಲ್ಲೂ ಸರದಿ ಒಟ್ಟಿಗೆ ತಿರುಗುತ್ತದೆ. ಸರದಿ ನೋಡುವ ಪ್ರಿವೆಂಟರ್ ಇದ್ದರೆ ಈ ಬದಲಾವಣೆ ಅದನ್ನು ದಾಟಿದ ಮೇಲೆ, ಸ್ಟಾರ್ಟರಿಗೆ ಮುಂಚೆ ಆಗಬೇಕು. ಆ ಜಾಗ ಗುರುತಿಸಲು ಪ್ಯಾನಲ್ ಗೊತ್ತಿರುವ ಮೆಕ್ಯಾನಿಕ್ಕನ್ನೇ ಕರೆಸಿ.

ಕೆಲಸ ಮುಗಿದು ಡ್ರಮ್ಮಿನ ಲೆಕ್ಕ ಸರಿಬಂದ ಮೇಲೆ ಪೆಟ್ಟಿಗೆಯ ಬಾಗಿಲ ಒಳಮೈಗೆ ಎರಡು ಸಾಲು ಬರೆದಿಡಿ: ಯಾವ ದಿನ, ಲೈನಿನ ಕಡೆಯೋ ಮೋಟರಿನ ಕಡೆಯೋ, ಯಾವ ಎರಡು ವೈರು ಬದಲಾಯಿತು, ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕಾಯಿತು. ಮುಂದಿನ ಸಲ ನೀರು ಕುಗ್ಗಿದಾಗ ಹೋಲಿಸಿ ನೋಡಲು ಒಂದು ಆಧಾರ ಸಿಗುತ್ತದೆ. ಇನ್ನು ಟಿಸಿ ಬದಲಾದ ದಿನ ಲೈನ್‌ಮ್ಯಾನ್ ಹೊರಡುವುದಕ್ಕೆ ಮೊದಲೇ ಯಾವುದಾದರೂ ಒಂದು ಪಂಪ್‌ಸೆಟ್ಟನ್ನೋ ಗಿರಣಿಯನ್ನೋ ಚಾಲೂ ಮಾಡಿ ದಿಕ್ಕು ನೋಡಿಕೊಳ್ಳುವಂತೆ ಕೇಳಿಕೊಳ್ಳಿ. ಉಲ್ಟಾ ಬಂದರೆ ಆಗಲೇ, ಅಲ್ಲೇ ಎರಡು ವೈರು ಬದಲಾಯಿಸಿದರೆ ಸಾಕು. ಆ ಟಿಸಿಯ ಯಾವ ತೋಟದಲ್ಲೂ ಸ್ಟಾರ್ಟರ್ ಪೆಟ್ಟಿಗೆ ತೆರೆಯುವ ಕೆಲಸವಿರುವುದಿಲ್ಲ.